ಹಗಲು ಪಿಂಗ್ 30, ರಾತ್ರಿ 180: ಗೇಮ್ ಆಡುವವರು ಯಾವ ನೆಟ್ ಪ್ಲಾನ್ ತೆಗೆದುಕೊಳ್ಳಬೇಕು?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಡಿಗ್ರಿ ಓದ್ತಿದ್ದೀನಿ. ರಾತ್ರಿ ಫ್ರೆಂಡ್ಸ್ ಜೊತೆ ವ್ಯಾಲೊರಂಟ್ ಆಡ್ತೀನಿ. ಮನೇಲಿ ಕೇಬಲ್‌ನವರ 40 ಎಂಬಿಪಿಎಸ್ ನೆಟ್ ಇದೆ, ವೈಫೈಯಲ್ಲಿ ಆಡೋದು. ಸ್ಪೀಡ್ ಟೆಸ್ಟ್ ಮಾಡಿದ್ರೆ ಪೂರ್ತಿ 40 ಬರುತ್ತೆ. ಹಗಲು ಪಿಂಗ್ 30 ಇರುತ್ತೆ, ಆದ್ರೆ ರಾತ್ರಿ ಒಂಬತ್ತಾದ್ಮೇಲೆ 180ಕ್ಕೆ ಹಾರುತ್ತೆ. ಈಗ ಒಬ್ರು 300 ಎಂಬಿಪಿಎಸ್ ವೈರ್‌ಲೆಸ್ ಪ್ಲಾನ್ ಕೊಡ್ತೀವಿ ಅಂತಿದ್ದಾರೆ, ಇನ್ನೊಬ್ರು 100 ಎಂಬಿಪಿಎಸ್ ಫೈಬರ್. ಬೆಲೆ ಹತ್ತಿರ ಹತ್ತಿರ ಒಂದೇ. 300 ತಗೊಂಡ್ರೆ ಲ್ಯಾಗ್ ಹೋಗುತ್ತಾ?

ಉತ್ತರ: ಹೋಗುವುದಿಲ್ಲ. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ಫೈಬರ್ ತೆಗೆದುಕೊಳ್ಳಿ. ಆದರೆ ದುಡ್ಡು ಕಟ್ಟುವ ಮೊದಲು ಒಂದು ರಾತ್ರಿ ಅರ್ಧ ಗಂಟೆ ಕೂತು ಒಂದು ಪರೀಕ್ಷೆ ಮಾಡಿ. ಈಗಿರುವ ನೆಟ್ಟೇ ಒಂದು ಲ್ಯಾನ್ ವೈರಿನಿಂದ ಸರಿಹೋದರೂ ಹೋದೀತು. ಸರಿಹೋಗದಿದ್ದರೆ ತಪ್ಪು ಎಲ್ಲಿದೆ ಅನ್ನುವುದಾದರೂ ಗೊತ್ತಾಗುತ್ತದೆ. ಹೊಸ ಕನೆಕ್ಷನ್‌ನಲ್ಲಿ ಏನು ನೋಡಬೇಕು ಅನ್ನುವುದೂ ಅದರಿಂದಲೇ ತಿಳಿಯುತ್ತದೆ.

ನೀವು ಬರೆದದ್ದರಲ್ಲಿ ನನಗೆ ತುಂಬ ಬೇಕಾಗಿದ್ದ ಸಂಗತಿ 40 ಎಂಬಿಪಿಎಸ್ ಅಲ್ಲ, ಹಗಲು ಪಿಂಗ್ 30 ಇರುತ್ತದೆ ಅನ್ನುವ ಮಾತು. ಪಿಂಗ್ ಅಂದರೆ ನಿಮ್ಮ ಡೇಟಾ ಸರ್ವರಿಗೆ ಹೋಗಿ ಉತ್ತರ ವಾಪಸ್ ಬರಲು ಹಿಡಿಯುವ ಸಮಯ, ಮಿಲಿಸೆಕೆಂಡ್ ಲೆಕ್ಕದಲ್ಲಿ. ಪ್ಲಾನ್ ಮಾರಲು ಬಂದವರು ಇದನ್ನು ಕೇಳಿರುವುದಿಲ್ಲ.

ಮೊದಲು ಎಂಬಿಪಿಎಸ್ ವಿಷಯ ಮುಗಿಸಿಬಿಡೋಣ. ಇಂಥ ಶೂಟಿಂಗ್ ಗೇಮ್ ಗಂಟೆಗೆ 200 ಎಂಬಿ ಡೇಟಾ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು 3600 ಸೆಕೆಂಡಿಗೆ ಹಂಚಿದರೆ ಅರ್ಧ ಎಂಬಿಪಿಎಸ್ ಕೂಡ ಆಗುವುದಿಲ್ಲ. ನಿಮ್ಮ 40ರಲ್ಲೇ ಗೇಮ್‌ಗೆ ಬೇಕಾದ್ದಕ್ಕಿಂತ ಎಂಬತ್ತು ಪಟ್ಟು ಜಾಗ ಇದೆ. ಗೇಮ್ ದೊಡ್ಡ ಫೈಲುಗಳನ್ನು ತರುವುದಿಲ್ಲ, ಡೇಟಾದ ಚಿಕ್ಕ ಚಿಕ್ಕ ತುಣುಕುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಬಿಡುವಿಲ್ಲದೆ ಕಳಿಸಿ ತರಿಸಿಕೊಳ್ಳುತ್ತದೆ. ವ್ಯಾಲೊರಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೆ ಒಂದು ಸಲ. ಪ್ಯಾಕೆಟ್ ಸರಿಯಾದ ಹೊತ್ತಿಗೆ ತಲುಪಿತೇ ಅನ್ನುವುದಷ್ಟೇ ಅದಕ್ಕೆ ಮುಖ್ಯ. ದಾವಣಗೆರೆ–ಬೆಂಗಳೂರು ಬಸ್ಸಿಗೆ ಇನ್ನೂ ಇಪ್ಪತ್ತು ಸೀಟು ಹಾಕಿಸಿದರೆ ಜಾಸ್ತಿ ಜನ ಹೋಗಬಹುದು, ನೀವು ಬೇಗ ತಲುಪುವುದಿಲ್ಲ ಅಲ್ವಾ? 40 ಇದ್ದದ್ದು 300 ಆಗುವುದೂ ಹಾಗೆಯೇ.

ಹಾಗಾದರೆ ಪಿಂಗ್ ಎಲ್ಲಿಂದ ಬರುತ್ತದೆ? ಎರಡು ಕಡೆಯಿಂದ. ಒಂದು ದೂರ, ಇನ್ನೊಂದು ಕ್ಯೂ.

ದೂರದ ಲೆಕ್ಕ ಸುಲಭ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಹೋಗಿ ಬರುವುದು ಎರಡೂ ಸೇರಿದರೆ ಪ್ರತಿ 100 ಕಿಲೋಮೀಟರಿಗೆ 1 ಮಿಲಿಸೆಕೆಂಡ್. ವ್ಯಾಲೊರಂಟ್‌ನ ಭಾರತದ ಸರ್ವರ್ ಮುಂಬೈಯಲ್ಲಿದೆ. ಮುಂಬೈ ನಿಮಗೆ ಮೇಲುಗಡೆ ಇದ್ದರೂ ನಮ್ಮ ಜಿಲ್ಲೆಗಳ ನೆಟ್ ಸಾಮಾನ್ಯವಾಗಿ ಮೊದಲು ಬೆಂಗಳೂರಿಗೆ ಇಳಿದು, ಅಲ್ಲಿಂದ ಮತ್ತೆ ಮುಂಬೈಗೆ ಏರುತ್ತದೆ. ರಸ್ತೆ ಲೆಕ್ಕದಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್, ಅಲ್ಲಿಂದ ಮುಂಬೈಗೆ ಸುಮಾರು ಸಾವಿರ. ಒಟ್ಟು 1260, ಅಂದರೆ 12–13 ಮಿಲಿಸೆಕೆಂಡ್. ಕೇಬಲ್ ನೇರವಾಗಿ ಹೋಗುವುದಿಲ್ಲ, ಸುತ್ತಿ ಬಳಸಿ ಹೋಗುತ್ತದೆ. ನಡುವೆ ಇರುವ ಉಪಕರಣಗಳೂ ಒಂದಿಷ್ಟು ಸಮಯ ತಿನ್ನುತ್ತವೆ. ಹಾಗಾಗಿ ನಿಜವಾಗಿ 20ರಿಂದ 30 ಬರುತ್ತದೆ. ನಿಮಗೆ ಹಗಲು ಬರುತ್ತಿರುವುದು ಅಷ್ಟೇ. ಹಾಗಾಗಿ ಕೇಬಲ್‌ನವರ ದಾರಿ ಸರಿಯಾಗೇ ಇದೆ. ಎಷ್ಟು ದುಡ್ಡು ಕೊಟ್ಟು ಯಾವ ಪ್ಲಾನ್ ತೆಗೆದುಕೊಂಡರೂ ಆ 30 ಹೆಚ್ಚೆಂದರೆ 20ಕ್ಕೆ ಇಳಿದೀತು, ಹತ್ತಕ್ಕಲ್ಲ.

ದಾರಿ ಕೆಟ್ಟಿದ್ದರೆ ಬೇರೆ ಥರ ಕಾಣುತ್ತಿತ್ತು. ಕೆಲವು ಸಲ ಮುಂಬೈಗೆ ಹೋಗಬೇಕಾದ ಡೇಟಾ ಚೆನ್ನೈಯಿಂದ ಸಮುದ್ರದಡಿ ಸಿಂಗಪುರಕ್ಕೆ ಹೋಗಿ ವಾಪಸ್ ಬರುತ್ತದೆ. ಚೆನ್ನೈ–ಸಿಂಗಪುರ ಕೇಬಲ್ ಒಂದೇ ಮೂರು ಸಾವಿರ ಕಿಲೋಮೀಟರಿಗೂ ಜಾಸ್ತಿ. ಹಾಗೆ ಸುತ್ತಿದರೆ 60–70 ಮಿಲಿಸೆಕೆಂಡ್ ಸುಮ್ನೆ ಸೇರಿಕೊಳ್ಳುತ್ತದೆ. ಆಗ ಪಿಂಗ್ ಹಗಲೂ ರಾತ್ರಿಯೂ ನೂರರ ಹತ್ತಿರ ನಿಂತಿರುತ್ತದೆ. ಗೇಮ್ ಒಳಗೆ ಮುಂಬೈ ಬಿಟ್ಟು ಸಿಂಗಪುರ ಸರ್ವರ್ ಆರಿಸಿಕೊಂಡಿದ್ದರೂ ಪಿಂಗ್ ಏರಿ ಅಲ್ಲೇ ನಿಲ್ಲುತ್ತದೆ. ಅದನ್ನೂ ಒಂದು ಸಲ ನೋಡಿಬಿಡಿ.

ನಿಮ್ಮದು ಹಗಲು 30, ರಾತ್ರಿ 180. ರಾತ್ರಿಯಾದರೆ ಮುಂಬೈ ದೂರ ಸರಿಯುವುದಿಲ್ಲ. ಹೆಚ್ಚಾದ 150 ಮಿಲಿಸೆಕೆಂಡ್ ಪೂರ್ತಿ ಕ್ಯೂನದ್ದು.

ಕ್ಯೂ ಹೇಗೆ ಬೆಳೆಯುತ್ತದೆ ನೋಡಿ. ಕಳಿಸಲು ತಕ್ಷಣ ಆಗದ ಪ್ಯಾಕೆಟ್‌ಗಳನ್ನು ರೂಟರ್ ಬಿಸಾಡದೆ ಒಂದು ಕಡೆ ಸಾಲಾಗಿ ನಿಲ್ಲಿಸಿಕೊಳ್ಳುತ್ತದೆ. ಮನೆಯಲ್ಲಿ ಯಾರದೋ ಫೋನ್ ಮದುವೆ ಫೋಟೋಗಳನ್ನೆಲ್ಲ ಕ್ಲೌಡ್‌ಗೆ ಏರಿಸುತ್ತಿದೆ, ನಿಮ್ಮ ಅಪ್‌ಲೋಡ್ 10 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ರೂಟರಿನಲ್ಲಿ 250 ಕೆಬಿ ಸಾಲು ನಿಂತರೆ ಅದು 20 ಲಕ್ಷ ಬಿಟ್. ಸೆಕೆಂಡಿಗೆ ಒಂದು ಕೋಟಿ ಬಿಟ್ ಹೋಗುವ ಲೈನಿನಲ್ಲಿ ಆ ಸಾಲು ಕರಗಲು 200 ಮಿಲಿಸೆಕೆಂಡ್ ಬೇಕು. ನೀವು ಗುಂಡು ಹಾರಿಸಿದ ಪ್ಯಾಕೆಟ್ ಎಷ್ಟೇ ಚಿಕ್ಕದಿರಲಿ, ಆ ಸಾಲಿನ ಕೊನೆಗೇ ನಿಲ್ಲಬೇಕು. ಲ್ಯಾಗ್ ಅಂದರೆ ಬಹಳ ಸಲ ಇದೇ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಅದೇ ಸಾಲು 100 ಎಂಬಿಪಿಎಸ್ ಲೈನಿನಲ್ಲಿ 20 ಮಿಲಿಸೆಕೆಂಡಿಗೆ ಕರಗುತ್ತದೆ. ಹಾಗಾಗಿ ಸ್ಪೀಡ್ ಪೂರ್ತಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಆದರೆ ಸಹಾಯ ಮಾಡುವುದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವ ಡೌನ್‌ಲೋಡ್ ಅಂಕಿಯಲ್ಲ, ಅಪ್‌ಲೋಡ್ ಅಂಕಿ. ನಮ್ಮಲ್ಲಿ ಫೈಬರ್ ಪ್ಲಾನ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಒಂದೇ ಇರುತ್ತವೆ. ವೈರ್‌ಲೆಸ್‌ನಲ್ಲಿ ಡೌನ್‌ಲೋಡ್ 300 ಇದ್ದರೂ ಅಪ್‌ಲೋಡ್ ಅದರ ಹತ್ತನೇ ಒಂದು ಭಾಗಕ್ಕೆ ಇಳಿದಿರಬಹುದು.

ಸ್ಪೀಡ್ ಟೆಸ್ಟ್‌ನಲ್ಲಿ ಇದು ಯಾಕೆ ಕಾಣಲಿಲ್ಲ ಅಂತ ಕೇಳುತ್ತೀರಿ. ಆ ಟೆಸ್ಟ್ ಮೊದಲು ಲೈನ್ ಖಾಲಿ ಇರುವಾಗ ಪಿಂಗ್ ನೋಡುತ್ತದೆ, ಆಮೇಲೆ ಲೈನ್ ತುಂಬಿಸಿ ಸ್ಪೀಡ್ ನೋಡುತ್ತದೆ. ಲೈನ್ ತುಂಬಿದಾಗ ಪಿಂಗ್ ಎಷ್ಟಾಯಿತು ಅನ್ನುವುದೇ ನಿಮಗೆ ಬೇಕಾದ್ದು. ಅದಕ್ಕೆ ಬ್ರೌಸರಿನಲ್ಲಿ `fast.com` ತೆರೆದು, ಟೆಸ್ಟ್ ಮುಗಿದ ಮೇಲೆ `Show more info` ಒತ್ತಿ. `Unloaded` ಮತ್ತು `Loaded` ಅಂತ ಎರಡು ಅಂಕಿ ಬರುತ್ತವೆ. ಮೊದಲನೆಯದು ಖಾಲಿ ಲೈನಿನದು, ಎರಡನೆಯದು ತುಂಬಿದ ಲೈನಿನದು. 10 ಇದ್ದದ್ದು 30 ಆದರೆ ಪರವಾಗಿಲ್ಲ. 10 ಇದ್ದದ್ದು 250 ಆದರೆ ಮನೆಯಲ್ಲಿ ಯಾರು ವಿಡಿಯೋ ಕಳಿಸಿದರೂ ನಿಮ್ಮ ಆಟ ಕೆಡುತ್ತದೆ.

ಈಗ ಕ್ಯೂ ನಿಂತಿರುವುದು ಎಲ್ಲಿ ಅಂತ ಹುಡುಕಬೇಕು. ಅದು ನಿಮ್ಮ ವೈಫೈಯಲ್ಲಿ ಇರಬಹುದು, ನಿಮ್ಮ ಲೈನಿನಲ್ಲಿ ಇರಬಹುದು, ಕೇಬಲ್‌ನವರ ಆಚೆಗೆ ಇರಬಹುದು. ರಾತ್ರಿ ಒಂಬತ್ತೂವರೆಗೆ, ಲ್ಯಾಗ್ ಇರುವಾಗಲೇ, ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮೊದಲು `ipconfig` ಹೊಡೆದು `Default Gateway` ಮುಂದಿರುವ ಅಂಕಿ ಬರೆದುಕೊಳ್ಳಿ, ಅದು ನಿಮ್ಮ ರೂಟರಿನ ವಿಳಾಸ. ಆಮೇಲೆ ಎರಡು ಕಿಟಕಿ ತೆರೆದು ಒಂದೊಂದರಲ್ಲಿ ಒಂದೊಂದು ಸಾಲು ಓಡಿಸಿ. ರೂಟರಿನ ವಿಳಾಸ ಬೇರೆ ಇದ್ದರೆ ಅದನ್ನು ಹಾಕಿ.

```
ping -n 300 192.168.1.1
ping -n 300 8.8.8.8
```

ಐದು ನಿಮಿಷ ಬಿಡಿ. ಮೊದಲನೆಯದು ನಿಮ್ಮ ಕಂಪ್ಯೂಟರಿನಿಂದ ರೂಟರಿನವರೆಗೆ, ಅಂದರೆ ಮನೆಯೊಳಗಿನ ದಾರಿ. ಎರಡನೆಯದು ಆಚೆಯ ದಾರಿ. `8.8.8.8` ಗೂಗಲ್‌ನ ವಿಳಾಸ, ಎಲ್ಲಿ ಹತ್ತಿರವೋ ಅಲ್ಲಿಂದ ಉತ್ತರ ಕೊಡುತ್ತದೆ. ಹಾಗಾಗಿ ಮುಂಬೈ ಪಿಂಗ್ ಎಷ್ಟು ಅಂತ ಅದರಿಂದ ಗೊತ್ತಾಗುವುದಿಲ್ಲ. ಏರಿಳಿತ ಮತ್ತು ಕಳೆದುಹೋದ ಪ್ಯಾಕೆಟ್ ನೋಡಲು ಮಾತ್ರ ಬಳಸಿ.

ರೂಟರಿನ ಪಿಂಗ್‌ನಲ್ಲೇ 2, 3, 85, 4, 140 ಅಂತ ಕುಣಿದರೆ ಕಂಪನಿಯನ್ನು ಬೈಯಬೇಡಿ, ವೈಫೈ ಕೆಟ್ಟಿದೆ. ರಾತ್ರಿ ಒಂಬತ್ತಕ್ಕೆ ಅಕ್ಕಪಕ್ಕದ ಮನೆಗಳ ರೂಟರುಗಳೆಲ್ಲ 2.4 ಗಿಗಾಹರ್ಟ್ಸ್‌ನಲ್ಲಿ ಒಟ್ಟಿಗೆ ಮಾತಾಡುತ್ತಿರುತ್ತವೆ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದೇ ಮೂರು. ಲ್ಯಾನ್ ವೈರ್ ಹಾಕಿ ಮತ್ತೆ ಅದೇ ಪರೀಕ್ಷೆ ಮಾಡಿ. ವೈರಿನಲ್ಲಿ ರೂಟರಿನ ಉತ್ತರ 1 ಮಿಲಿಸೆಕೆಂಡಿಗಿಂತ ಜಾಸ್ತಿ ಬರಬಾರದು. ಕ್ಯಾಟ್-5ಇ ವೈರ್ ಸಾಕು, ಹಾಲ್‌ನಿಂದ ರೂಮಿಗೆ ಹದಿನೈದು ಮೀಟರ್ ಎಳೆಯಲು ಕೆಲವು ನೂರು ರೂಪಾಯಿ. ವೈರ್ ಎಳೆಯಲು ಮನೆಯವರು ಒಪ್ಪದಿದ್ದರೆ ಕೊನೇ ಪಕ್ಷ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ಕಳೆದ ವರ್ಷ ಹಾಸನದಲ್ಲಿ ನಮ್ಮ ಅಕ್ಕನ ಮನೆಯಲ್ಲಿ ಇದೇ ಗೋಳಾಗಿತ್ತು. ಅಕ್ಕನ ಮಗ ನಿಮ್ಮ ವಯಸ್ಸಿನವನು. ರಾತ್ರಿಯಾದರೆ ಸಾಕು, ಲ್ಯಾಗ್ ಅಂತ ಕೂಗಾಟ. ಮೊದಲು ವೈರ್ ಹಾಕಿದೆವು. ರೂಟರಿನ ಪಿಂಗ್ ಒಂದಕ್ಕೆ ಇಳಿದು ನಿಂತಿತು, ಆದರೆ ಆಚೆಯ ಪಿಂಗ್ 15ರಿಂದ 140ರವರೆಗೆ ಹಾರುತ್ತಲೇ ಇತ್ತು. ಆಮೇಲೆ ಮನೆಯ ಫೋನುಗಳ ವೈಫೈ ಒಂದೊಂದಾಗಿ ಆಫ್ ಮಾಡುತ್ತಾ ಬಂದೆ. ಅಕ್ಕನ ಫೋನ್ ಆಫ್ ಆದ ಕೂಡಲೇ 140 ಇದ್ದದ್ದು 70ಕ್ಕೆ ಬಂತು. ಚಾರ್ಜಿಗೆ ಹಾಕಿದ ಕೂಡಲೇ ಫೋಟೋ ಬ್ಯಾಕಪ್ ಶುರುವಾಗುವ ಹಾಗೆ ಅದರಲ್ಲಿ ಸೆಟ್ ಆಗಿತ್ತು. ಅವಳು ಅಡುಗೆಮನೆ ಕೆಲಸ ಮುಗಿಸಿ ಫೋನ್ ಚಾರ್ಜಿಗಿಡುವುದು ಸರಿಯಾಗಿ ಒಂಬತ್ತು ಗಂಟೆಗೆ! ಉಳಿದ 70 ಮಾತ್ರ ಮನೆಯದಲ್ಲ. ಅದಕ್ಕೆ ಈ ಸಾಲು ಬೇಕಾಯಿತು.

```
tracert -d 8.8.8.8
```

ಇದು ದಾರಿಯಲ್ಲಿ ಸಿಗುವ ಒಂದೊಂದು ನಿಲ್ದಾಣವನ್ನೂ, ಅಲ್ಲಿಯವರೆಗಿನ ಸಮಯವನ್ನೂ ತೋರಿಸುತ್ತದೆ. ಮೊದಲನೇ ಸಾಲು ಮನೆಯ ರೂಟರ್, ಎರಡು ಮೂರನೆಯವು ಸಾಮಾನ್ಯವಾಗಿ ನೆಟ್ ಕೊಡುವವರದ್ದು. ಅಕ್ಕನ ಮನೆಯಲ್ಲಿ ಎರಡನೇ ಸಾಲಿನಲ್ಲಿ 3 ಇದ್ದದ್ದು ಮೂರನೆಯದರಲ್ಲಿ 60 ದಾಟಿತು, ಅಲ್ಲಿಂದ ಕೊನೆಯವರೆಗೂ ಇಳಿಯಲೇ ಇಲ್ಲ. ಇದನ್ನು ಓದುವಾಗ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ನಡುವಿನ ಒಂದೇ ನಿಲ್ದಾಣದಲ್ಲಿ ಜಾಸ್ತಿ ತೋರಿಸಿ ಮುಂದಿನದರಲ್ಲಿ ಮತ್ತೆ ಕಡಿಮೆಯಾದರೆ ಅದು ದೋಷವಲ್ಲ. ಆ ಯಂತ್ರ ಇಂಥ ವಿಚಾರಣೆಗೆ ಉತ್ತರ ಕೊಡುವುದನ್ನು ಹಿಂದಕ್ಕೆ ತಳ್ಳಿದೆ, ಅಷ್ಟೇ. ಉತ್ತರವೇ ಕೊಡದೆ ನಕ್ಷತ್ರ ತೋರಿಸುವುದೂ ಹಾಗೆಯೇ. ಒಂದು ಕಡೆ ಏರಿ, ಕೊನೆಯವರೆಗೂ ಏರಿಯೇ ಇದ್ದರೆ ಮಾತ್ರ ಕ್ಯೂ ಅಲ್ಲಿದೆ ಅಂತ ತಿಳಿಯಿರಿ.

ಅಲ್ಲಿ ಆಗಿದ್ದು ಇಷ್ಟು. ಆ ಬಡಾವಣೆಯ ಮನೆಗಳಿಗೆಲ್ಲ ಸೇರಿ ಆಪರೇಟರ್ ಮೇಲಿನಿಂದ ಕೊಂಡುಕೊಂಡಿದ್ದ ಲೈನ್ ಚಿಕ್ಕದಾಗಿತ್ತು. ಹಗಲು ಸಾಕಾಗುತ್ತಿತ್ತು. ರಾತ್ರಿ ಎಲ್ಲರ ಮನೆಯಲ್ಲೂ ಟಿವಿ ಶುರುವಾದರೆ ತುಂಬುತ್ತಿತ್ತು. ಎರಡು ಸಲ ದೂರು ಕೊಟ್ಟೆವು. ಹುಡುಗ ಬಂದ, ಸ್ಪೀಡ್ ಟೆಸ್ಟ್ ಮಾಡಿದ, ಪೂರ್ತಿ ಬರ್ತಿದೆಯಲ್ಲ ಸಾರ್ ಅಂದ, ಹೋದ. ಅವನ ಟೆಸ್ಟ್ ಅವರದೇ ಊರಿನ ಸರ್ವರಿಗೆ ಹೋಗುತ್ತಿತ್ತು, ಇಕ್ಕಟ್ಟಾದ ಜಾಗ ಅದರಾಚೆ ಇತ್ತು. ಕೊನೆಗೆ ಬೇರೆಯವರ 50 ಎಂಬಿಪಿಎಸ್ ಫೈಬರ್ ಹಾಕಿಸಿದೆವು. ಹಗಲು 28, ರಾತ್ರಿ 31. ಹಳೆಯದು 100 ಎಂಬಿಪಿಎಸ್ ಪ್ಲಾನ್ ಆಗಿತ್ತು ಅನ್ನುವುದನ್ನು ಮರೆಯಬೇಡಿ. ಅರ್ಧ ಸ್ಪೀಡಿಗೆ ಇಳಿದು ಆಟ ಸರಿಹೋಯಿತು.

ನಿಮ್ಮ ಲೈನಿನಲ್ಲೇ ಕ್ಯೂ ಇದ್ದರೆ, ಅಂದರೆ ಮನೆಯವರ ಫೋನ್ ಆಫ್ ಮಾಡಿದಾಗ ಪಿಂಗ್ ಇಳಿದರೆ, ಪ್ಲಾನ್ ಬದಲಿಸದೆಯೂ ದಾರಿ ಇದೆ. ಯಾವ ಡೇಟಾ ಮೊದಲು ಹೋಗಬೇಕು ಅಂತ ಹೇಳುವ ಕ್ಯೂಓಎಸ್ ಸೆಟ್ಟಿಂಗ್ ರೂಟರಿನಲ್ಲಿದ್ದರೆ, ಅದರಲ್ಲಿ ಅಪ್‌ಲೋಡ್ ಮಿತಿಯನ್ನು ನಿಮಗೆ ನಿಜವಾಗಿ ಬರುವುದರ ಶೇಕಡ 85–90ಕ್ಕೆ ಇಡಿ. ಆಗ ಸಾಲು ನಿಲ್ಲುವುದು ರೂಟರಿನ ಕೈಯಲ್ಲೇ ಇರುತ್ತದೆ, ಚಿಕ್ಕ ಪ್ಯಾಕೆಟ್‌ಗಳನ್ನು ಅದು ಮುಂದೆ ಬಿಡಬಲ್ಲದು. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಸಾಫ್ಟ್‌ವೇರ್ ಹಾಕಿದ ರೂಟರಿನಲ್ಲಿ ಎಸ್‌ಕ್ಯೂಎಂ ಅಂತ ಇದಕ್ಕೆಂದೇ ಒಂದು ಸೌಲಭ್ಯ ಇದೆ. ಕಂಪನಿ ಕೊಡುವ ಪುಕ್ಕಟೆ ರೂಟರುಗಳಲ್ಲಿ ಬಹಳ ಸಲ ಇರುವುದಿಲ್ಲ. ಇಲ್ಲದಿದ್ದರೆ ಬ್ಯಾಕಪ್‌ಗಳನ್ನು ನಡುರಾತ್ರಿಗೆ ತಳ್ಳಿ. ಅಗ್ಗದ ಉಪಾಯ, ಕೆಲಸ ಮಾಡುತ್ತದೆ.

ಪರೀಕ್ಷೆಯಲ್ಲಿ ತಪ್ಪು ಕೇಬಲ್‌ನವರದ್ದೇ ಅಂತ ಗೊತ್ತಾಯಿತು ಅಂದುಕೊಳ್ಳೋಣ. ಈಗ ಆ ಎರಡು ಪ್ಲಾನ್‌ಗಳಿಗೆ ಬರೋಣ.

ಫೈಬರ್ ಅಂತ ಹೇಳಿದ್ದೆಲ್ಲ ಫೈಬರ್ ಅಲ್ಲ. ಕೆಲವರು ಬೀದಿ ಕಂಬದವರೆಗೆ ಫೈಬರ್ ತಂದು, ಅಲ್ಲಿಂದ ಮನೆಗೆ ತಾರಸಿ ಮೇಲಿಂದ ತಾರಸಿಗೆ ಲ್ಯಾನ್ ವೈರ್ ಎಳೆದಿರುತ್ತಾರೆ. ನಡುವೆ ಯಾರದೋ ಮನೆಯ ಮಹಡಿಯಲ್ಲಿ ಒಂದು ಸ್ವಿಚ್ ಡಬ್ಬಿ. ಆ ಮನೆಯಲ್ಲಿ ಕರೆಂಟ್ ಹೋದರೆ ನಿಮ್ಮ ನೆಟ್ಟೂ ಹೋಗುತ್ತದೆ, ಮಳೆ ಬಂದರೆ ಪ್ಯಾಕೆಟ್ ಕಳೆದುಹೋಗುತ್ತದೆ. ಮನೆಯೊಳಗೆ ಏನು ಬರುತ್ತದೆ ಅಂತ ಕೇಳಿ. ಕೂದಲಿನಷ್ಟು ತೆಳು ಗಾಜಿನ ಎಳೆ ಇರುವ ದಾರ ನಿಮ್ಮ ಡಬ್ಬಿಗೇ ಬಂದು ಸಿಕ್ಕಿಕೊಳ್ಳಬೇಕು. ಆ ಡಬ್ಬಿಯನ್ನು ಓಎನ್‌ಟಿ ಅನ್ನುತ್ತಾರೆ. ಅದರ ಮೇಲೆ `LOS` ಅಂತ ಒಂದು ದೀಪ ಇರುತ್ತದೆ. ಅದು ಕೆಂಪಾದರೆ ಬೆಳಕು ಬರುತ್ತಿಲ್ಲ ಅಂತ ಅರ್ಥ.

ಇದೂ ಹಂಚಿಕೊಂಡ ಲೈನೇ. ನಮ್ಮಲ್ಲಿ ಸಾಮಾನ್ಯವಾಗಿರುವ ಜಿಪಾನ್ ಅನ್ನುವ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಕವಲು ಮಾಡುತ್ತಾರೆ. ಎಲ್ಲರಿಗೂ ಸೇರಿ ಇಳಿಯಲು ಸುಮಾರು 2.5 ಜಿಬಿಪಿಎಸ್, ಏರಲು 1.25. ಹಾಗಿದ್ದರೂ ಅದು ಸೇರಿಸುವ ವಿಳಂಬ ಒಂದೆರಡು ಮಿಲಿಸೆಕೆಂಡ್ ಮಾತ್ರ, ಅದೂ ಏರಿಳಿಯದೆ. ಹಾಕಲು ಬಂದವರ ಬಳಿ ಪವರ್ ಮೀಟರ್ ಇರುತ್ತದೆ. ಎಳೆಯಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ನಿಮ್ಮ ಎದುರೇ ಅಳೆಯಲು ಹೇಳಿ. ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗೆ ಬಂದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಹೋದರೆ ಎಲ್ಲೋ ಜಾಯಿಂಟ್ ಸರಿ ಇಲ್ಲ, ಅಥವಾ ಎಳೆ ಮಡಚಿದೆ. ಇವತ್ತು ನಡೆಯುತ್ತದೆ, ಇನ್ನೊಂದು ತಿಂಗಳಿಗೆ ಕೈಕೊಡುತ್ತದೆ. ಬಾಗಿಲ ಸಂದಿಯಲ್ಲಿ ಆ ದಾರ ತೂರಿಸಲು ಬಿಡಬೇಡಿ, ಬಾಗಿಲು ಹಾಕಿದಾಗಲೆಲ್ಲ ಅದು ಮಡಚುತ್ತದೆ.

ವೈರ್‌ಲೆಸ್‌ನದು ಬೇರೆ ಕಥೆ. ಮನೆಯ ಮೇಲೆ ಒಂದು ಡಬ್ಬಿ ಕೂರಿಸಿ ಟವರಿನಿಂದ 5ಜಿ ತರುತ್ತಾರೆ. ಖಾಲಿ ಹೊತ್ತಿನಲ್ಲಿ ಪಿಂಗ್ ಚೆನ್ನಾಗೇ ಬರುತ್ತದೆ, ಫೈಬರಿಗಿಂತ ಹತ್ತಿಪ್ಪತ್ತು ಜಾಸ್ತಿ ಇರಬಹುದು ಅಷ್ಟೇ. ತೊಂದರೆ ಸರಾಸರಿಯದಲ್ಲ, ಏರಿಳಿತದ್ದು. ಗಾಳಿಯಲ್ಲಿ ಹೋಗುವ ಪ್ಯಾಕೆಟ್ ಕೆಟ್ಟರೆ ಮತ್ತೆ ಕಳಿಸಬೇಕು. ನಿಮ್ಮ ಡಬ್ಬಿ ಮಾತಾಡಬೇಕಾದರೆ ಟವರು ಸರದಿ ಕೊಡಬೇಕು. ಆ ಟವರಿನಲ್ಲಿ ನಿಮ್ಮಂಥ ಮನೆಗಳು ಮಾತ್ರ ಇಲ್ಲ, ಬೀದಿಯ ಫೋನುಗಳೆಲ್ಲ ಇವೆ. ಐಪಿಎಲ್ ಮ್ಯಾಚ್ ಇರುವ ರಾತ್ರಿ ನೋಡಿದರೆ ಗೊತ್ತಾಗುತ್ತದೆ. ಹಾಗಾಗಿ ಪಿಂಗ್ 35, 38, 90, 41, 120 ಅಂತ ಬರುತ್ತದೆ. ಇದನ್ನೇ ಜಿಟರ್ ಅನ್ನುವುದು. ಆಡುವವರಿಗೆ ಒಂದೇ ಸಮ 60 ಇರುವುದು, 30ರಿಂದ 120ರವರೆಗೆ ಕುಣಿಯುವುದಕ್ಕಿಂತ ಎಷ್ಟೋ ವಾಸಿ. 60ಕ್ಕೆ ಕೈ ಹೊಂದಿಕೊಳ್ಳುತ್ತದೆ, ಕುಣಿತಕ್ಕೆ ಹೊಂದಿಕೊಳ್ಳುವುದಿಲ್ಲ. 300 ಅನ್ನುವ ಅಂಕಿ ಈ ಕುಣಿತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಫೈಬರ್ ಬರದ ಬಡಾವಣೆಯಲ್ಲಿ, ತೋಟದ ಮನೆಯಲ್ಲಿ, ವೈರ್‌ಲೆಸ್ಸೇ ಗತಿ. ಅಂಥವರು ಡಬ್ಬಿಯನ್ನು ಟವರಿನ ಕಡೆಗೆ, ತೆಂಗಿನ ಮರ ಅಡ್ಡ ಬರದ ಹಾಗೆ ಕೂರಿಸಲು ಹೇಳಬೇಕು. ಒಳಗಿನ ರೂಟರಿನಿಂದ ಕಂಪ್ಯೂಟರಿಗೆ ವೈರ್ ಹಾಕಬೇಕು, ಇಲ್ಲದಿದ್ದರೆ ಗಾಳಿಯ ಮೇಲೆ ಇನ್ನೊಂದು ಗಾಳಿ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಆಡುವುದು ಕರೆಂಟ್ ಹೋದಾಗ ಮಾತ್ರ ಸರಿ.

ಡೇಟಾ ಮಿತಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಎರಡು ಪ್ಲಾನ್‌ಗಳ ನಡುವೆ ಅದೂ ಒಂದು ವ್ಯತ್ಯಾಸ. ಅನ್‌ಲಿಮಿಟೆಡ್ ಅಂತ ಬರೆದಿದ್ದರೂ ಕೆಳಗೆ ಸಣ್ಣಕ್ಷರದಲ್ಲಿ ಎಫ್‌ಯುಪಿ ಅನ್ನುವ ತಿಂಗಳ ಡೇಟಾ ಮಿತಿ ಇರುತ್ತದೆ. ಮನೆಯ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿ, ವೈರ್‌ಲೆಸ್‌ನಲ್ಲಿ 1000 ಜಿಬಿ ಅನ್ನುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿ. ದಾಟಿದರೆ ಸ್ಪೀಡನ್ನು ಬಹಳ ಇಳಿಸುತ್ತಾರೆ, ಒಂದೆರಡು ಎಂಬಿಪಿಎಸ್‌ಗೆ ಇಳಿಸುವವರೂ ಇದ್ದಾರೆ.

ಆಡುವುದರಿಂದ ಈ ಮಿತಿ ಮುಟ್ಟುವುದಿಲ್ಲ. ದಿನಕ್ಕೆ ಮೂರು ಗಂಟೆ ಆಡಿದರೂ ತಿಂಗಳಿಗೆ 18 ಜಿಬಿ. ಮುಟ್ಟಿಸುವುದು ಟಿವಿ. 4ಕೆ ವಿಡಿಯೋ ಗಂಟೆಗೆ ಸುಮಾರು 7 ಜಿಬಿ. ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 840 ಜಿಬಿ. ಅದರ ಮೇಲೆ ನೀವು ನೂರು ಜಿಬಿಯ ಒಂದು ಹೊಸ ಗೇಮ್ ಇಳಿಸಿದರೆ 940. ಆಮೇಲೆ ಅಪ್‌ಡೇಟ್‌ಗಳು, ಮನೆಯವರ ಫೋನುಗಳು. ತಿಂಗಳ ಕೊನೆಯ ವಾರ 1000 ದಾಟುತ್ತದೆ. 2 ಎಂಬಿಪಿಎಸ್‌ನಲ್ಲಿ ಗೇಮ್ ಒಂದೇ ಇದ್ದರೆ ನಡೆಯುತ್ತದೆ, ಅದಕ್ಕೆ ಬೇಕಾದ್ದು ಅರ್ಧ ಎಂಬಿಪಿಎಸ್ ತಾನೇ. ಆದರೆ ಮೇಲೆ ಹೇಳಿದ 250 ಕೆಬಿ ಸಾಲು 2 ಎಂಬಿಪಿಎಸ್‌ನಲ್ಲಿ ಕರಗಲು ಒಂದು ಪೂರ್ತಿ ಸೆಕೆಂಡ್ ಬೇಕು. ಮನೆಯಲ್ಲಿ ಒಬ್ಬರು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸಿದರೂ ನಿಮ್ಮ ಆಟ ಮುಗಿಯಿತು. ಪ್ರತಿ ತಿಂಗಳ 25ನೇ ತಾರೀಕಿನಿಂದ ಲ್ಯಾಗ್ ಶುರುವಾಗುತ್ತದೆ ಅನ್ನುವವರು ಮೊದಲು ಎಫ್‌ಯುಪಿ ನೋಡಬೇಕು.

ಇನ್ನೊಂದು ಚಿಕ್ಕ ವಿಷಯ. ವೈರ್‌ಲೆಸ್‌ನಲ್ಲೂ ಚಿಕ್ಕ ಆಪರೇಟರುಗಳಲ್ಲೂ ಒಂದೇ ಐಪಿ ವಿಳಾಸವನ್ನು ನೂರಾರು ಮನೆಗಳಿಗೆ ಹಂಚಿರುತ್ತಾರೆ. ಅದಕ್ಕೆ ಸಿಜಿ-ನ್ಯಾಟ್ ಅನ್ನುತ್ತಾರೆ. ವ್ಯಾಲೊರಂಟ್ ಕಂಪನಿಯ ಸರ್ವರಿನಲ್ಲೇ ನಡೆಯುವುದರಿಂದ ನಿಮಗೆ ತೊಂದರೆ ಇಲ್ಲ. ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇಟ್ಟುಕೊಂಡವರಿಗೆ ಪಾರ್ಟಿ ಸೇರಲು ಆಗದೆ ಇರಬಹುದು. ಮನೆಯಲ್ಲೇ ಸರ್ವರ್ ನಡೆಸಿ ಗೆಳೆಯರನ್ನು ಕರೆಯುವವರಿಗೂ ಅಷ್ಟೇ. ಮುಂದೆ ಅಂಥದ್ದು ಮಾಡುವ ಆಸೆ ಇದ್ದರೆ ಪಬ್ಲಿಕ್ ಐಪಿ ಕೊಡುತ್ತೀರಾ, ಅದಕ್ಕೆ ಎಷ್ಟು ಅಂತ ಈಗಲೇ ಕೇಳಿಡಿ.

ಫೈಬರ್‌ನವರು ಆರು ತಿಂಗಳು ಅಥವಾ ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರೂಟರ್ ಪುಕ್ಕಟೆ ಅನ್ನುತ್ತಾರೆ. ಕಟ್ಟಬೇಡಿ. ಮೊದಲು ಒಂದೇ ತಿಂಗಳು ತೆಗೆದುಕೊಳ್ಳಿ, ಹಳೆಯದನ್ನು ಆ ತಿಂಗಳು ಇಟ್ಟುಕೊಂಡಿರಿ. ರಾತ್ರಿ ಒಂಬತ್ತೂವರೆಗೆ ಎರಡರಲ್ಲೂ ಅದೇ ಪರೀಕ್ಷೆ, ಮೂರು ದಿನ, ಅದರಲ್ಲಿ ಒಂದು ದಿನ ಭಾನುವಾರ ಇರಲಿ. 300 ಪ್ಯಾಕೆಟ್‌ನಲ್ಲಿ ಒಂದೆರಡು ಕಳೆದರೆ ಚಿಂತೆಯಿಲ್ಲ, ಐದಾರು ಕಳೆದರೆ ಆ ಲೈನಿನಲ್ಲಿ ಏನೋ ಐಬಿದೆ.

ಅದಕ್ಕಿಂತಲೂ ಅಗ್ಗದ ದಾರಿ ಇನ್ನೊಂದಿದೆ. ನಿಮ್ಮದೇ ಬೀದಿಯಲ್ಲಿ ಆ ಫೈಬರ್ ಹಾಕಿಸಿಕೊಂಡವರು ಯಾರಾದರೂ ಇರುತ್ತಾರೆ. ಒಂದು ರಾತ್ರಿ ಅವರ ಮನೆಗೆ ಲ್ಯಾಪ್‌ಟಾಪ್ ಒಯ್ದು ಎರಡು ಮ್ಯಾಚ್ ಆಡಿ ಬನ್ನಿ. ಹೋಗುವಾಗ ಲ್ಯಾನ್ ವೈರನ್ನೂ ಚೀಲಕ್ಕೆ ಹಾಕಿಕೊಳ್ಳಿ. ಇಲ್ಲದಿದ್ದರೆ ನೀವು ಪರೀಕ್ಷೆ ಮಾಡಿ ಬರುವುದು ಅವರ ವೈಫೈಯನ್ನು.